ಒಳಗೆ ಕಪ್ಪು, ಹೊರಗೆ ಕೆಂಪು, ಎರಡೂ ಕಡೆ ಹೊಳಪು: ಈ ಓಡಿಗೆ ಗ್ಲೇಜ್ ಹಾಕಿದ್ದಾರಾ?

ಹೊಲದಂಚು
ಮೊಳಕಾಲ್ಮೂರು ಕಡೆ ನೆಂಟರ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ್ದಾರೆ. ಎತ್ತಿ ಹಾಕಿದ ಮಣ್ಣಿನ ಗುಡ್ಡೆಯಲ್ಲಿ ಮಡಕೆ ಓಡುಗಳು ತುಂಬಾ ಇವೆ. ಮೂರರ ಫೋಟೊ ಹಾಕಿದ್ದೇನೆ, ನೋಡಿ ಹೇಳಿ.

ಮೊದಲನೆಯದು ಅಂಗೈ ಅಗಲದ ಚೂರು, ಬಟ್ಟಲಿನ ಬಾಯಂಚು ಸಮೇತ ಇದೆ. ಒಳಗೆ ಪೂರ್ತಿ ಕಪ್ಪು. ಹೊರಗೆ ಅಂಚಿನಿಂದ ಎರಡು ಬೆರಳಿನಷ್ಟು ಕಪ್ಪು, ಅದರ ಕೆಳಗೆ ಕೆಂಪು. ದಪ್ಪ ಸುಮಾರು 5 ಮಿ.ಮೀ. ತೊಳೆದ ಮೇಲೆ ಎರಡೂ ಕಡೆ ಚೆನ್ನಾಗಿ ಹೊಳೆಯುತ್ತಿದೆ. ಎರಡನೆಯದು ಕೆಂಪು ಕಂದು, ಮೇಲೆ ಮಸುಕಾದ ಬಿಳಿ ಗೆರೆಗಳಿವೆ. ಮೂರನೆಯದು ದಪ್ಪ, ಗಾಢ ಕಂದು, ಗಾಜಿನಂಥ ಹೊಳಪು.

ಮೂರಕ್ಕೂ ಗ್ಲೇಜ್ ಇದೆಯಾ? ಒಂದೇ ಗುಡ್ಡೆಯಲ್ಲಿ ಸಿಕ್ಕಿದ್ದರಿಂದ ಒಂದೇ ಕಾಲದವು ಅನ್ನಬಹುದಾ?

ಮೌನಿ
ಮುರಿದ ಅಂಚಿನ ಫೋಟೊ ಇಲ್ಲ. ಅದಿಲ್ಲದೆ ಏನು ಹೇಳಿದರೂ ಊಹೆಯೇ.

ಶಾಸನಪ್ರಿಯ
ಮೊದಲನೆಯದು ಕಬ್ಬಿಣಯುಗದ ಕಪ್ಪು-ಕೆಂಪು ಮಡಕೆ, ಅನುಮಾನವೇ ಬೇಡ. ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಗುವುದು ಇದೇ. ಬ್ರಹ್ಮಗಿರಿ ನಿಮಗೆ ಹತ್ತಿರದಲ್ಲೇ ಇದೆ, 1947ರಲ್ಲಿ ವೀಲರ್ ಅಗೆಸಿದಾಗ ಇಂಥವು ರಾಶಿಗಟ್ಟಲೆ ಸಿಕ್ಕಿವೆ. ಹೊಳಪು ಉಪ್ಪಿನ ಗ್ಲೇಜ್‌ನದು. ಆವಿಗೆಗೆ ಉಪ್ಪು ಎರಚುತ್ತಿದ್ದರು, ಅದಕ್ಕೇ ಮೇಲ್ಮೈಯಲ್ಲಿ ಸಣ್ಣ ಬಿರುಕಿನ ಬಲೆ ಕಾಣುತ್ತದೆ. ಎರಡನೆಯದು ರೋಮನ್ ವ್ಯಾಪಾರದ ಕಾಲದ್ದು, ರೋಮನ್ ಮಡಕೆಯೇ ಇರಬಹುದು.

ಗಾಜುಕುಲುಮೆ
@ಶಾಸನಪ್ರಿಯ ಸರ್, ಮಡಕೆಯ ಹೆಸರು ಸರಿ. ಉಪ್ಪಿನ ಗ್ಲೇಜ್ ಮಾತ್ರ ಸಾಧ್ಯವೇ ಇಲ್ಲ.

ಗೂಡಿಗೆ ಹಾಕಿದ ಉಪ್ಪು ಆವಿಯಾಗಬೇಕು, ಅದರ ಸೋಡಿಯಂ ಮಡಕೆ ಮೈಯ ಸಿಲಿಕಾ ಜೊತೆ ಸೇರಿ ಗಾಜಾಗಬೇಕು. ಇದು ಸರಿಯಾಗಿ ಆಗುವುದು 1200 ಡಿಗ್ರಿ ಆಸುಪಾಸಿನಲ್ಲಿ. ಕೆರೆ ಮಣ್ಣಿನಲ್ಲಿ ಕಬ್ಬಿಣವೂ ಸುಣ್ಣವೂ ಧಾರಾಳವಾಗಿರುತ್ತವೆ. ಅಂಥ ಮಣ್ಣಿನ ಬಟ್ಟಲನ್ನು ಆ ಶಾಖಕ್ಕೆ ಒಯ್ದರೆ ಗ್ಲೇಜ್ ಹಿಡಿಯುವ ಮೊದಲೇ ಅದು ಉಬ್ಬಿ ಗುಳ್ಳೆಯೆದ್ದು ಕುಸಿದಿರುತ್ತದೆ. ಈ ಓಡು ಸೊಟ್ಟಗಾಗಿಲ್ಲ, ಅಂಚು ತೆಳ್ಳಗೆ ನೆಟ್ಟಗಿದೆ. ಅಂದರೆ ಆ ಶಾಖ ಕಂಡೇ ಇಲ್ಲ. ಸೌದೆ, ಹುಲ್ಲು, ಬೆರಣಿ ಹಾಕಿ ಬಯಲಲ್ಲಿ ಸುಟ್ಟರೆ ಸಿಗುವುದು ಸುಮಾರು 600ರಿಂದ 900 ಡಿಗ್ರಿ.

ಹಾಗಾದರೆ ಹೊಳಪು ಎಲ್ಲಿಂದ ಬಂತು? ಉಜ್ಜಿದ್ದರಿಂದ. ಬಟ್ಟಲು ಅರೆ ಒಣಗಿದಾಗ ನುಣುಪು ಗುಂಡುಗಲ್ಲಿನಿಂದ ಒತ್ತಿ ಉಜ್ಜಿದರೆ ಮೇಲ್ಪದರದ ನುಣ್ಣನೆ ಕಣಗಳು ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗುತ್ತವೆ. ಬೆಳಕು ಅಲ್ಲಿಂದ ಮರಳುತ್ತದೆ. ಸುಡುವಾಗ ಶಾಖ ಮಿತಿಯಲ್ಲಿದ್ದರೆ ಆ ಹೊಳಪು ಉಳಿಯುತ್ತದೆ. ಶಾಖ ತೀರಾ ಏರಿದರೆ ಕಣಗಳು ಕುಗ್ಗಿ ಹೊರಳಿ ಹೊಳಪು ಮಂಕಾಗುತ್ತದೆ. ಹೊಳಪು ಉಳಿದಿದೆ ಎನ್ನುವುದೇ ಶಾಖ ಕಡಿಮೆಯಿತ್ತು ಎನ್ನುವುದಕ್ಕೆ ಸುಳಿವು.

ಶಾಸನಪ್ರಿಯ
ಉಪ್ಪಿನ ಗ್ಲೇಜ್ ಅಂತ ಹಳೆ ಬರಹಗಳಲ್ಲೇ ಇದೆ. ಬಿರುಕಿನ ಬಲೆಗೆ ನಿಮ್ಮ ಉತ್ತರ ಏನು? ಗ್ಲೇಜ್ ಇಲ್ಲದೆ ಬಿರುಕು ಬಲೆ ಕಟ್ಟುತ್ತದಾ?

ಗಾಜುಕುಲುಮೆ
ಕಟ್ಟುತ್ತದೆ. ಮೇಲೆ ಹಚ್ಚಿದ ನುಣ್ಣನೆ ಮಣ್ಣಿನ ಲೇಪ ಒಳಗಿನ ಒರಟು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಆಗ ಲೇಪ ಮಾತ್ರ ಬಿರಿಯುತ್ತದೆ. ಗ್ಲೇಜ್‌ನ ಬಿರುಕಿಗೂ ಇದಕ್ಕೂ ಫೋಟೊದಲ್ಲೇ ವ್ಯತ್ಯಾಸ ಸಿಗುತ್ತದೆ. ಗ್ಲೇಜ್ ಬಿರಿದರೆ ಕೂದಲೆಳೆಯಂಥ ಗೆರೆ ಗಾಜಿನ ಒಳಗೇ ಕಾಣುತ್ತದೆ, ಮೇಲ್ಮೈ ಮಟ್ಟವಾಗಿಯೇ ಇರುತ್ತದೆ. ಲೇಪ ಬಿರಿದರೆ ಗೆರೆಯ ಎರಡೂ ಬದಿ ಸ್ವಲ್ಪ ಎದ್ದಿರುತ್ತದೆ, ಕೆಲವು ಕಡೆ ಹೊಪ್ಪಳೆ ಏಳುತ್ತದೆ.

@ಹೊಲದಂಚು ಅವರೇ, ಈ ಹೊಳಪು ಯಾವುದು ಅಂತ ನೀವೇ ನೋಡಿಕೊಳ್ಳಬಹುದು. ಕತ್ತಲು ಕೋಣೆಯಲ್ಲಿ ಓಡು ಇಟ್ಟು ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಪಕ್ಕದಿಂದ, ಓಡಿನ ಮೈಗೆ ಹತ್ತಿಕೊಂಡ ಹಾಗೆ ಹಿಡಿಯಿರಿ. ಉಜ್ಜಿದ ಮೈಯಾದರೆ ಹೊಳಪು ಕೆಲವು ಮಿ.ಮೀ. ಅಗಲದ ಪಟ್ಟೆಪಟ್ಟೆಯಾಗಿ ಒಡೆದು ಕಾಣುತ್ತದೆ, ಪಟ್ಟೆಗಳ ನಡುವೆ ಕಲ್ಲು ತಾಗದ ಮಂಕು ಜಾಗ ಉಳಿದಿರುತ್ತದೆ. ಗ್ಲೇಜ್ ಆದರೆ ಹೊಳಪು ಎಲ್ಲೂ ಕಡಿಯುವುದಿಲ್ಲ, ಟಾರ್ಚಿನ ಬಿಂಬವೇ ಮೂಡುತ್ತದೆ. ಆಮೇಲೆ ಮುರಿದ ಅಂಚು ನೋಡಿ. ಗ್ಲೇಜ್‌ಗೆ ದಪ್ಪ ಇರುತ್ತದೆ, ಮೈಯ ಮೇಲೆ ಬೇರೆಯೇ ಗೆರೆಯಾಗಿ ಕೂತಿರುತ್ತದೆ. ಉಜ್ಜಿದ ಹೊಳಪಿಗೆ ದಪ್ಪವೇ ಇಲ್ಲ.

ಕಡಲತಡಿ
ಮಾರಾಯ್ರೆ, ಎಲ್ಲ ಬಲ್ಲವರು ಸೇರಿದ್ದೀರಿ, ನನ್ನದೂ ಒಂದು ನೋಡಿ. ಉಡುಪಿ ಹತ್ತಿರ ತೋಟದಲ್ಲಿ ಸಿಕ್ಕಿದ ಕೆಂಪು ತುಂಡು, ಚಪ್ಪಟೆ, ಒಂದು ಬದಿ ಏಣು, ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ 1865 ಅಂತ ಸ್ಪಷ್ಟ ಉಂಟು. 1865ರ ಮಡಕೆಗೆ ಬೆಲೆ ಎಷ್ಟಾದೀತು?

ಬೂದಿಗುಡ್ಡ
@ಕಡಲತಡಿ ಅದು ಮಡಕೆಯಲ್ಲ, ಮಂಗಳೂರು ಹಂಚು. ಏಣು ಇರುವುದು ಪಕ್ಕದ ಹಂಚಿಗೆ ಕೂರಿಸುವುದಕ್ಕೆ. 1865 ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಇಸವಿಯನ್ನು ನಂತರದ ಹಂಚುಗಳ ಮೇಲೂ ಒತ್ತಿದ್ದಾರೆ, ಆದ್ದರಿಂದ ನಿಮ್ಮ ಹಂಚು ಅದೇ ವರ್ಷದ್ದು ಅನ್ನಲಾಗದು. ಮಡಕೆಯೋ ಹಂಚೋ ಅನ್ನಲು ಬಾಗು ನೋಡಿ. ಮಡಕೆ ಓಡು ಎರಡು ದಿಕ್ಕಿಗೂ ಬಾಗಿರುತ್ತದೆ. ಅಚ್ಚಿನಲ್ಲಿ ಒತ್ತಿದ್ದು ಚಪ್ಪಟೆ, ಇಲ್ಲವೇ ಒಂದೇ ದಿಕ್ಕಿಗೆ ಬಾಗು.

ಕಡಲತಡಿ
ಹಂಚಾದರೂ ಇಟ್ಟುಕೊಳ್ತೇನೆ. ನಮ್ಮ ಹಳೆ ಮನೆ ಮಾಡಿನದ್ದೇ ಇರಬೇಕು.

ಹೊಲದಂಚು
ಟಾರ್ಚ್ ಹಿಡಿದು ನೋಡಿದೆ. ಮೊದಲನೆಯದರಲ್ಲಿ ಪಟ್ಟೆಗಳು ಕಾಣುತ್ತವೆ. ಹೊರಗೆ ಅಂಚಿಗೆ ಸಮಾನಾಂತರ, ಒಳಗೆ ಅಡ್ಡಾದಿಡ್ಡಿ. ಮುರಿದ ಅಂಚಿನ ಫೋಟೊ ಈಗ ಹಾಕಿದ್ದೇನೆ. ಕೆಂಪು ಭಾಗದ ಕೆಳಗೆ ಕಡಿದ ಕಡೆ ನೋಡಿದರೆ ಹೊರಬದಿಯಲ್ಲಿ ಸುಮಾರು 1 ಮಿ.ಮೀ. ಕೆಂಪು, ಅಲ್ಲಿಂದ ಒಳಬದಿಯವರೆಗೂ ಕಪ್ಪು-ಬೂದು. ಕೆಂಪು ಮುಗಿದು ಕಪ್ಪು ಶುರುವಾಗುವ ಜಾಗ ಗೆರೆ ಎಳೆದಂತಿಲ್ಲ, ಕಲಸಿಕೊಂಡಿದೆ.

ಮೌನಿ
ಈಗ ಮಾತಾಡಬಹುದು.

ತಿಗರಿಮನೆ
ಖಾನಾಪುರ ಕಡಿಯಾಂವ ನಾನು, ಮಡಿಕಿ ಸುಡೂ ಮನಿತನ. ಇದು ಹೊಗಿ ಕುಡದ ಮಡಿಕಿ ಐತ್ರಿ, ಬಣ್ಣ ಹಚ್ಚಿದ್ದಲ್ಲ. ಹೆಂಗ ಮಾಡ್ತಾರ ಅಂದ್ರ, ಆವಿಗ್ಯಾಗ ಬಟ್ಟಲ ಬೋರಲ ಹಾಕೂದು. ಬಾಯಿ ಬೂದ್ಯಾಗ ಇಲ್ಲಾ ಹೊಟ್ಟಿನ್ಯಾಗ ಎರಡ ಬಳ್ಳ ಹುಗದಿರತೈತಿ. ಒಳಗ ಹುಲ್ಲು, ಹೊಟ್ಟು ತುಂಬಿರತಾರ. ಬೆಂಕಿ ಹತ್ತಿದ ಮ್ಯಾಲ ಒಳಗಿಂದಕ್ಕ ಗಾಳಿ ಸಿಗೂದಿಲ್ಲ, ಹೊಗಿ ಅಲ್ಲೇ ನಿಂತು ಮಣ್ಣಿನ ಸಂದ್ಯಾಗ ಮಸಿ ಇಳೀತೈತಿ. ಹೊರಗ ತಳದ ಕಡೆ ಗಾಳಿ ಆಡತೈತಿ, ಅಲ್ಲಿ ಕೆಂಪ ಆಕ್ಕೈತಿ. ಹುಗದ ಆಳ ಎಷ್ಟೋ ಹೊರಗಿನ ಕಪ್ಪು ಅಷ್ಟ. ಫೋಟೋದಾಗ ಕಪ್ಪು-ಕೆಂಪಿನ ನಡುವಿನ ಗೆರಿ ಏರಿಳಿತ ಐತಿ ನೋಡ್ರಿ, ಬೂದಿ ಮಟ್ಟಸ ಇರಲಿಲ್ಲ ಅಂತ ಅರ್ಥ.

ಪರೀಕ್ಷಾ ಮಾಡಬೇಕಂದ್ರ ಇಕ್ಕಳದಿಂದ ಒಂದ ಸಣ್ಣ ಚೂರ ಮುರದು ಮತ್ತ ಸುಡ್ರಿ. ಪೂರ್ತಿ ಕೆಂಪ ಆತಂದ್ರ ಮಸೀನ ಅದು.

ಬೂದಿಗುಡ್ಡ
ಅಣ್ಣ, ಸುಡುವ ವಿವರಣೆ ಒಪ್ಪಿದೆ. ಇಕ್ಕಳ ಮಾತ್ರ ಬೇಡ. ಅಂಚು ಇರುವ ಚೂರು ಆಕಾರ ಹೇಳುವ ಚೂರು, ಅದನ್ನು ಮುರಿಯಬಾರದು. ಹಳೆಯ ಮುರಿದ ಬದಿಯನ್ನೇ ಮೆತ್ತನೆ ಬ್ರಷ್ಷಿನಲ್ಲಿ ನೀರು ಹಾಕಿ ತೊಳೆದು, ಒಣಗಿಸಿ, ನೆರಳಿನ ಹಗಲು ಬೆಳಕಿನಲ್ಲಿ ಫೋಟೊ ತೆಗೆದರೆ ಸಾಕಷ್ಟು ಕಾಣುತ್ತದೆ. ಒದ್ದೆ ಇದ್ದಾಗ ತೆಗೆದರೆ ಕೆಂಪೆಲ್ಲ ಕಂದಾಗಿ, ಬೂದು ಕಪ್ಪಾಗಿ ಕಾಣುತ್ತದೆ. ಪಕ್ಕದಲ್ಲಿ ಬಿಳಿ ಕಾಗದವೂ ಅಳತೆ ಪಟ್ಟಿಯೂ ಇರಲಿ, ಬಣ್ಣ ಎಷ್ಟು ತಪ್ಪಿದೆ ಅಂತ ಕಾಗದ ನೋಡಿ ಗೊತ್ತಾಗುತ್ತದೆ.

ತಿಗರಿಮನೆ
ಅಕ್ಕಾರ, ಹಳೀ ಬದಿ ನೂರಾರ ವರ್ಷ ಮಣ್ಣಾಗ ಬಿದ್ದು ಬಣ್ಣ ಕುಡದಿರತೈತಿ. ಹೊಸಾ ಮುರಿತದಾಗ ಕಂಡಷ್ಟ ಖರೇ ಅದರಾಗ ಕಾಣಾಂಗಿಲ್ಲ. ಅಂಚಿಲ್ಲದ ಓಡು ಗುಡ್ಡ್ಯಾಗ ನೂರ ಬಿದ್ದಾವ, ಅದರಾಗ ಒಂದ ಮುರದ್ರ ಏನ ನಷ್ಟ?

ಬೂದಿಗುಡ್ಡ
ಹೊಸ ಮುರಿತ ಹೆಚ್ಚು ಹೇಳುತ್ತದೆ ಎನ್ನುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ಎಳೆ ಓದಿದವರೆಲ್ಲ ಇಕ್ಕಳ ಹಿಡಿದು ಹೊಲಕ್ಕೆ ಇಳಿಯುವುದು ನನಗೆ ಬೇಡ. ಸಂರಕ್ಷಿತ ನೆಲೆಯಲ್ಲಂತೂ ಓಡು ಎತ್ತುವುದೇ ಕಾನೂನಿಗೆ ವಿರುದ್ಧ.

ಈ ಅಂಚಿನ ಫೋಟೊ ಓದೋಣ. ಮಧ್ಯದ ಕಪ್ಪು ಎರಡು ರೀತಿ ಬರಬಹುದು. ಮಣ್ಣಿನಲ್ಲೇ ಇದ್ದ ಹುಲ್ಲು, ಸಗಣಿ, ಬೇರಿನ ಚೂರು ಪೂರ್ತಿ ಉರಿಯದೆ ಇಂಗಾಲವಾಗಿ ಉಳಿದರೆ ಒಂದು. ಹೊಗೆಯಿಂದ ಇಳಿದರೆ ಇನ್ನೊಂದು. ಮಣ್ಣಿನೊಳಗಿನದ್ದಾದರೆ ಕಪ್ಪು ನಡುವೆ ಉಳಿದು ಎರಡೂ ಬದಿ ಕೆಂಪು ಪಟ್ಟಿ ಬರುತ್ತದೆ, ಏಕೆಂದರೆ ಗಾಳಿ ಎರಡೂ ಕಡೆಯಿಂದ ಒಳನುಗ್ಗುತ್ತದೆ. ಇಲ್ಲಿ ಕೆಂಪು ಹೊರಗೆ ಮಾತ್ರ. ಒಳಬದಿಗೆ ಗಾಳಿ ತಾಗೇ ಇಲ್ಲ. ಬೋರಲು ಇಟ್ಟು ಸುಟ್ಟರು ಎನ್ನುವುದಕ್ಕೆ ಇದು ಹೊಂದುತ್ತದೆ.

ಇನ್ನು ಗಡಿ. ಕೆಂಪಿಗೂ ಕಪ್ಪಿಗೂ ನಡುವೆ ಚಾಕುವಿನಲ್ಲಿ ಕೊಯ್ದಂಥ ಗೆರೆ ಇದ್ದರೆ ಪಾತ್ರೆ ಕೊನೆಯವರೆಗೂ ಹೊಗೆಯಲ್ಲಿದ್ದು, ಕೆಂಪಗೆ ಕಾದಿರುವಾಗಲೇ ಹೊರಗೆಳೆದು ಗಾಳಿಗೆ ಇಟ್ಟಿದ್ದಾರೆ ಎನ್ನಬಹುದು. ಕೆಲವೇ ನಿಮಿಷದಲ್ಲಿ ಮೇಲ್ಪದರ ಮಾತ್ರ ಕೆಂಪಾಗಿ ನಿಂತುಬಿಡುತ್ತದೆ. ಇಲ್ಲಿ ಗಡಿ ಕಲಸಿಕೊಂಡಿದೆ. ಅಂದರೆ ಹೊರಮೈಗೆ ಸುಡುವ ಹೊತ್ತಿನಲ್ಲೇ ಗಾಳಿ ನಿಧಾನವಾಗಿ ಇಳಿಯುತ್ತಿತ್ತು, ಆಮೇಲೆ ಆವಿಗೆಯಲ್ಲೇ ತಣ್ಣಗಾಗಲು ಬಿಟ್ಟಿದ್ದಾರೆ.

ಗಾಜುಕುಲುಮೆ
ಮೇಡಂ, ಎರಡು ಸಲ ಸುಟ್ಟಿರಬಹುದು ಎನ್ನುವ ವಾದವೂ ಇದೆಯಲ್ಲ? ಮೊದಲು ಪೂರ್ತಿ ಕೆಂಪಗೆ ಸುಟ್ಟು, ಆಮೇಲೆ ಬಿಸಿ ಬಟ್ಟಲನ್ನು ಹೊಟ್ಟಿನಲ್ಲಿ ಬೋರಲು ಹುಗಿದು ಹೊಗೆ ಕುಡಿಸುವುದು. ಸ್ಟುಡಿಯೊದಲ್ಲಿ ಹಾಗೆ ಮಾಡಿದರೂ ನೋಡಲು ಹೆಚ್ಚುಕಮ್ಮಿ ಇಂಥದ್ದೇ ಬರುತ್ತದೆ.

ಬೂದಿಗುಡ್ಡ
ಇದೆ, ಜಗಳ ಇನ್ನೂ ಮುಗಿದಿಲ್ಲ. ಓಡಿನಲ್ಲಿ ಹುಡುಕಬೇಕಾದ್ದು ಒಂದೇ: ಒಳಗಿನ ಕಪ್ಪು ಚರ್ಮದ ಕೆಳಗೆ ಕೆಂಪು ಪದರ ಇದೆಯಾ? ಇದ್ದರೆ ಅದು ಮೊದಲು ಗಾಳಿಯಲ್ಲಿ ಬೆಂದು ಆಮೇಲೆ ಹೊಗೆ ಕುಡಿದಿದೆ, ಎರಡು ಹಂತ ಖಚಿತ. ಈ ಓಡಿನಲ್ಲಿ ಅಂಥ ಪದರ ಕಾಣುವುದಿಲ್ಲ.

ಗಾಜುಕುಲುಮೆ
ಕಾಣದಿದ್ದರೆ ಒಂದೇ ಸಲ ಸುಟ್ಟಿದ್ದು ಅಂತಲೂ ಆಗುವುದಿಲ್ಲ. 5 ಮಿ.ಮೀ. ಗೋಡೆ, ಸಂದು ತುಂಬಾ ಇರುವ ಮಣ್ಣು. ಹೊಗೆ ಕುಡಿಸುವ ಹೊತ್ತು ಹೆಚ್ಚಾದರೆ ಮಸಿ ಇಡೀ ಗೋಡೆಗೆ ಇಳಿದು ಆ ಕೆಂಪು ಪದರವನ್ನೇ ನುಂಗಿಬಿಡುತ್ತದೆ. ಪದರ ಇದ್ದರೆ ಎರಡು ಹಂತ ಅನ್ನಬಹುದು, ಇಲ್ಲದಿದ್ದರೆ ಏನೂ ಹೇಳಲಾಗದು.

ಬೂದಿಗುಡ್ಡ
ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಒಂದು ಓಡಿನಿಂದ ಇದನ್ನು ತೀರ್ಮಾನಿಸಲಾಗದು. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ರೀತಿ ಮಾಡಿರಲೂಬಹುದು.

ಕೆಂಚಮ್ಮನಮಗಳು
ಅಡುಗೆ ಮಾಡಿ ಮಸಿ ಹಿಡಿದದ್ದು ಅಂತ ಯಾಕಾಗಬಾರದು? ನಮ್ಮಲ್ಲಿ ಒಲೆ ಮೇಲಿಟ್ಟ ಮಡಕೆ ಹೀಗೇ ಕಪ್ಪಾಗೋದು.

ತಿಗರಿಮನೆ
ತಂಗಿ, ಒಲಿ ಮಸಿ ತಳದಾಗ ಹತ್ತತೈತಿ, ಹೊರಗ. ಇಲ್ಲಿ ತಳದ ಕಡೆ ಕೆಂಪ ಐತಿ, ಬಾಯಿ ಕಡೆ ಕಪ್ಪ ಐತಿ. ಉಲ್ಟಾ ಆತಲ್ಲ? ಒಲಿ ಮಸಿ ಬಳ್ಳಿಗೆ ಹತ್ತತೈತಿ, ತಿಕ್ಕಿ ತೊಳದ್ರ ಅರ್ಧ ಹೋಗತೈತಿ. ಇದು ತೊಳದಷ್ಟೂ ಹೊಳೀತೈತಿ.

ಬೂದಿಗುಡ್ಡ
ಅದರ ಜೊತೆ ಇನ್ನೊಂದು ಗುರುತು ಸೇರಿಸುತ್ತೇನೆ. ಹೊರಮೈಯಲ್ಲಿ ಎಲ್ಲೋ ಒಂದು ಕಡೆ ಗುಂಡಗೆ ಮೋಡದಂತೆ ಕಪ್ಪು ಕಲೆ, ಸುತ್ತ ಬೂದು ಬಣ್ಣಕ್ಕೆ ಕರಗುತ್ತಾ ಹೋಗಿದ್ದರೆ ಅದು ಸುಡುವಾಗ ಸೌದೆಯೋ ಪಕ್ಕದ ಪಾತ್ರೆಯೋ ತಾಗಿ ಗಾಳಿ ತಪ್ಪಿದ ಜಾಗ. ಬೇಕೆಂದೇ ಮಾಡಿದ್ದಲ್ಲ. ಬಯಲು ಆವಿಗೆಯಲ್ಲಿ ಸುಟ್ಟಿದ್ದಕ್ಕೆ ಅದು ಒಳ್ಳೆ ಸಾಕ್ಷಿ.

ತಿಗರಿಮನೆ
ಮತ್ತ ಸುಡೂ ವಿಷಯ ಬಿಟ್ಟಬಿಟ್ರಿ ನೀವು. ಎಷ್ಟ ಕಾವಿನ್ಯಾಗ ಸುಟ್ಟಾರ ಅನ್ನೂದು ಅದರಿಂದ ಗೊತ್ತಾಕ್ಕೈತಿ.

ಗಾಜುಕುಲುಮೆ
ಅಣ್ಣ ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ಮಾಡುವ ಕ್ರಮ ಇದು. ಅಂಚಿಲ್ಲದ ಚೂರಿನಿಂದ ಕಡಲೆಬೇಳೆ ಗಾತ್ರದ ತುಣುಕುಗಳನ್ನು ತೆಗೆದು, ವಿದ್ಯುತ್ ಕುಲುಮೆಯಲ್ಲಿ ಗಾಳಿ ಆಡುವಂತೆ ಇಟ್ಟು ಒಂದನ್ನು 600ಕ್ಕೆ, ಇನ್ನೊಂದನ್ನು 700ಕ್ಕೆ, ಹೀಗೆ 100 ಡಿಗ್ರಿ ಏರಿಸುತ್ತಾ ಸುಡುತ್ತಾರೆ. ಮೊದಲ ಸುತ್ತಿನಲ್ಲೇ ಮಸಿ ಉರಿದುಹೋಗಿ ಎಲ್ಲ ಕೆಂಪಾಗುತ್ತದೆ. ಅದರಿಂದ ಕಪ್ಪು ಭಾಗವೂ ಕೆಂಪು ಭಾಗವೂ ಒಂದೇ ಮಣ್ಣು ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ತುಣುಕು ಹೆಚ್ಚು ಬದಲಾಗುವುದಿಲ್ಲ. ಮೂಲದಲ್ಲಿ ಕಂಡ ಶಾಖ ದಾಟಿದ ಮೇಲೆ ಮತ್ತೆ ಕುಗ್ಗುತ್ತದೆ, ಗಟ್ಟಿಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಆ ಬದಲಾವಣೆ ಶುರುವಾಗುವ ಹಂತವೇ ಮೂಲ ಶಾಖದ ಮೇಲಿನ ಗಡಿ. ಆದರೆ ಎಷ್ಟು ಹೊತ್ತು ಸುಟ್ಟಿದ್ದರು ಎನ್ನುವುದು ಗೊತ್ತಿಲ್ಲದ ಕಾರಣ 50 ಡಿಗ್ರಿ ಆಚೀಚೆ ಯಾವಾಗಲೂ ಇದ್ದದ್ದೇ.

ಸುಡದೆಯೇ ಕಾಣುವ ಒಂದು ಗುರುತು ಸುಣ್ಣದ ಕಲ್ಲು. ಓಡಿನ ಮೇಲೆ ಬಟ್ಟಲಿನಾಕಾರದ ಸಣ್ಣ ಗುಳಿ, ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಇದೆಯಾ ನೋಡಿ. ಸುಣ್ಣದ ಹರಳು ಸುಮಾರು 700ರಿಂದ 850 ಡಿಗ್ರಿ ನಡುವೆ ಬೆಂದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವ ಕುಡಿದು ಉಬ್ಬಿ ಮೇಲಿನ ಚಕ್ಕೆ ಹಾರಿಸುತ್ತದೆ. ಗುಳಿ ಇದ್ದರೆ ಶಾಖ ಆ ಮಟ್ಟ ಮುಟ್ಟಿದೆ. ಹರಳು ಹಾಗೇ ಗಟ್ಟಿಯಾಗಿ ಕೂತಿದ್ದರೆ ಮುಟ್ಟಿಲ್ಲ.

ಹೊಲದಂಚು
ಮೊದಲನೆಯದರಲ್ಲಿ ಗುಳಿ ಇಲ್ಲ. ಬಿಳಿ ಹರಳು ಎರಡು ಮೂರು ಇವೆ, ಉಗುರಿನಲ್ಲಿ ಕೆರೆದರೆ ಬರುವುದಿಲ್ಲ.

ಗಾಜುಕುಲುಮೆ
ಸುಣ್ಣವೋ ಬೆಣಚುಕಲ್ಲೋ ನೋಡಬೇಕು. ಚಾಕುವಿನ ಮೊನೆಯಲ್ಲಿ ಮೆಲ್ಲಗೆ ಗೀರಿ. ಗೀರು ಬಿದ್ದರೆ ಸುಣ್ಣ. ಮೊನೆ ಜಾರಿದರೆ ಬೆಣಚು, ಅದು ಈ ಶಾಖದ ಬಗ್ಗೆ ಏನೂ ಹೇಳುವುದಿಲ್ಲ.

ಹೊಲದಂಚು
ಜಾರುತ್ತದೆ.

ಮೌನಿ
ಬೆಣಚು. ಆ ದಾರಿ ಮುಚ್ಚಿತು.

ಶಾಸನಪ್ರಿಯ
ಸುಡುವುದು ಸಾಕು, ಎರಡನೆಯದಕ್ಕೆ ಬನ್ನಿ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ. ಅದೇ ಪದರಗಳ ಮಡಕೆ ರೋಮನ್ನರದ್ದು ಯಾಕಾಗಬಾರದು?

ಬೂದಿಗುಡ್ಡ
ನಾಣ್ಯ ಬಂದಿದೆ ಅಂದ ಮಾತ್ರಕ್ಕೆ ಅದರ ಪಕ್ಕದ ಮಡಕೆಯೂ ಬಂದಿರಬೇಕಿಲ್ಲ. ಬಿಳಿ ಗೆರೆಯ ಈ ಕೆಂಪು ಕಂದು ಮಡಕೆಯನ್ನು ವೀಲರ್ ಆಂಧ್ರ ಮಡಕೆ ಅಂತ ಕರೆದ. ಬ್ರಹ್ಮಗಿರಿಯ ಮೇಲಿನ ಪದರಗಳಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಿದೆ, ಕ್ರಿಸ್ತಶಕದ ಮೊದಲ ಶತಮಾನಗಳದ್ದು, ಇಲ್ಲಿನದ್ದೇ. ನೀವು ಮನಸ್ಸಿನಲ್ಲಿಟ್ಟುಕೊಂಡಿರುವುದು ಬಹುಶಃ ರೂಲೆಟೆಡ್ ಮಡಕೆ. ಅದು ನುಣ್ಣನೆ ಮಣ್ಣಿನ ತಟ್ಟೆ, ಒಳತಳದಲ್ಲಿ ಸಣ್ಣ ಸಣ್ಣ ಕಚ್ಚುಗಳು ಸುತ್ತುಸುತ್ತಾಗಿ ಇರುತ್ತವೆ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಸಿಕ್ಕಾಗ ಮೆಡಿಟರೇನಿಯನ್ ಕಡೆಯಿಂದ ಬಂದದ್ದು ಅಂದುಕೊಂಡಿದ್ದರು. ಮಣ್ಣನ್ನು ಪರೀಕ್ಷಿಸಿದ ಮೇಲೆ ಅದೂ ಭಾರತದಲ್ಲೇ ಮಾಡಿದ್ದು ಎನ್ನುವ ಕಡೆಗೆ ಬಹುತೇಕರು ವಾಲಿದ್ದಾರೆ.

ಎರಡನೆಯದನ್ನು ಖಚಿತಪಡಿಸಿಕೊಳ್ಳಲು ಗೆರೆಯ ಫೋಟೊ ಹತ್ತಿರದಿಂದ ಬೇಕು. ಆಂಧ್ರ ಮಡಕೆಯಲ್ಲಿ ಬಿಳಿ ಜೇಡಿಯಿಂದ ನೇರ ಗೆರೆ, ಸ್ವಲ್ಪ ಬಾಗಿದ ಗೆರೆ ಎಳೆದು, ಅದರ ಮೇಲೆ ಕೆಮ್ಮಣ್ಣಿನ ತೆಳು ಲೇಪ ಕೊಟ್ಟು, ಆಮೇಲೆ ಸುಡುತ್ತಿದ್ದರು. ಹಾಗಾಗಿ ಗೆರೆ ಲೇಪದ ಅಡಿಯಿಂದ ಮಸುಕಾಗಿ, ಹಳದಿ ಬಿಳಿಯಾಗಿ ಇಣುಕುತ್ತದೆ. ಲೇಪದ ಮೇಲೆ ಕೂತ, ಒದ್ದೆ ಹತ್ತಿ ತಾಗಿಸಿದರೆ ಬಿಡುವ ಬಿಳಿಯಾದರೆ ಸುಟ್ಟ ಮೇಲೆ ಬಳಿದ ಸುಣ್ಣ. ನಿನ್ನೆ ಮೊನ್ನೆಯ ಪೂಜೆಯ ಗಡಿಗೆಯೂ ಆಗಬಹುದು.

ಹೊಲದಂಚು
ಒದ್ದೆ ಹತ್ತಿಗೆ ಏನೂ ಬರಲಿಲ್ಲ. ಗೆರೆಗಳು ಅಡ್ಡ ಒಂದು ಗುಂಪು, ಓರೆ ಒಂದು ಗುಂಪು. ಅಂಚು ಇಲ್ಲ.

ಬೂದಿಗುಡ್ಡ
ಹಾಗಿದ್ದರೆ ಆಂಧ್ರ ಮಡಕೆ ಕಡೆಗೇ ಒಲವು. ಅಂಚಿಲ್ಲದೆ ಇನ್ನೂ ಮುಂದಕ್ಕೆ ಹೋಗಲಾರೆ.

ಹಂಪೆದಾರಿ
ಮೂರನೆಯದರ ಬಗ್ಗೆ ಯಾರೂ ಮಾತಾಡಿಲ್ಲ. ಹಂಪಿಯಲ್ಲಿ ಚೀನಾದ ಪಿಂಗಾಣಿ ಚೂರು ಸಿಕ್ಕಿವೆ. ಇದೂ ಚೀನಾದ್ದಾ?

ಗಾಜುಕುಲುಮೆ
ಅಲ್ಲ. ಹಂಪಿಗೆ ಬಂದದ್ದರಲ್ಲಿ ನೀಲಿ-ಬಿಳಿಯೂ ಇದೆ, ಹಸಿರು ಸೆಲಡಾನೂ ಇದೆ. ಎರಡರ ಮುರಿದ ಬದಿಯೂ ಬಿಳಿ ಇಲ್ಲವೇ ಬೂದು ಬಿಳಿ, ಒತ್ತಾಗಿ ನುಣ್ಣಗೆ. ಸೆಲಡಾನಿನಲ್ಲಿ ತಳದ ಬಳೆಯನ್ನು ನೋಡಬೇಕು. ಗ್ಲೇಜ್ ತಾಗದ ಆ ಜಾಗ ತುಕ್ಕಿನ ಕೆಂಪಾಗಿರುತ್ತದೆ. ಗೂಡು ತಣ್ಣಗಾಗುವಾಗ ಗಾಳಿ ಸಿಕ್ಕಿ ಬರಿ ಮೈಯ ಕಬ್ಬಿಣ ಕೆಂಪಾಯಿತು, ಗ್ಲೇಜ್ ಮುಚ್ಚಿದ ಮೈ ಬೂದಾಗಿಯೇ ಉಳಿಯಿತು. ಲಾಂಗ್‌ಚ್ವಾನ್ ಕಡೆಯ ತಟ್ಟೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಮೂರನೆಯದು ಉಪ್ಪಿನಕಾಯಿ ಜಾಡಿ. ಇಲ್ಲಿ ನಿಜವಾದ ಗ್ಲೇಜ್ ಇದೆ, ಅದನ್ನು ಒಂದನೆಯದರ ಪಕ್ಕದಲ್ಲಿಟ್ಟು ನೋಡಿ. ಫೋಟೊದಲ್ಲಿ ಮುರಿದ ಬದಿಯ ಮೇಲೆ ಕಂದು ಗಾಜಿನ ಗೆರೆ ಬೇರೆಯಾಗಿ ಕಾಣುತ್ತದೆ. ಒಂದು ಕಡೆ ಗ್ಲೇಜ್ ಇಳಿದು ದಪ್ಪ ತೊಟ್ಟಾಗಿ ನಿಂತಿದೆ. ಉಜ್ಜಿದ ಹೊಳಪು ಹರಿಯುವುದಿಲ್ಲ, ಕರಗಿದ್ದು ಮಾತ್ರ ಹರಿಯುತ್ತದೆ. ಮೈ ಬೂದು-ಹಳದಿ, ಕಲ್ಲಿನಷ್ಟು ಗಟ್ಟಿ.

ಮುರಿದ ಬದಿಗೆ ಒಂದು ಹನಿ ನೀರು ಬಿಡಿ. ಮಡಕೆ ಮಣ್ಣಾದರೆ ನೋಡನೋಡುತ್ತಲೇ ಹೀರಿಕೊಳ್ಳುತ್ತದೆ. ಇದರಲ್ಲಿ ಹನಿ ಹಾಗೇ ನಿಲ್ಲುತ್ತದೆ, ಯಾಕೆಂದರೆ ಹೆಚ್ಚು ಶಾಖದಲ್ಲಿ ಒಳಗಿನ ಸಂದೆಲ್ಲ ಮುಚ್ಚಿದೆ. ಒಂದು, ಎರಡನೆಯ ಓಡಿಗೂ ಇದನ್ನೇ ಮಾಡಿ ಹೋಲಿಸಿ.

ಶಾಸನಪ್ರಿಯ
ಇದಾದರೂ ಉಪ್ಪಿನ ಗ್ಲೇಜಾ?

ಗಾಜುಕುಲುಮೆ
ಆಗಿರಬಹುದಿತ್ತು, ಆದರೆ ಈ ಚೂರಲ್ಲ. ಉಪ್ಪಿನ ಗ್ಲೇಜ್ ಮೈ ಕಿತ್ತಳೆ ಸಿಪ್ಪೆಯಂತೆ ಚುಕ್ಕಿಚುಕ್ಕಿ ಗುಳಿ ಬಿದ್ದಿರುತ್ತದೆ. ಆವಿ ಹೊರಗಿನಿಂದ ಬರುವುದರಿಂದ ಕಿರಿದು ಬಾಯಿಯ ಪಾತ್ರೆಯ ಒಳಗೆ ಸರಿಯಾಗಿ ಹೋಗುವುದಿಲ್ಲ, ಒಳಗೆ ಬೇರೆ ಗ್ಲೇಜ್ ಸುರಿದಿರುತ್ತಾರೆ. ಇಲ್ಲಿ ಮೈ ನುಣುಪು. ಚೂರಿನ ಕೆಳತುದಿಯಲ್ಲಿ ಕೆನೆ ಬಣ್ಣ ಶುರುವಾಗಿದೆ ನೋಡಿ. ಮೇಲೆ ಕಂದು ಕೆಳಗೆ ಕೆನೆ, ನಮ್ಮ ಅಡುಗೆಮನೆಯ ಜಾಡಿಯೇ. ಕೆನೆ ಭಾಗ ಸತುವಿನ ಭಸ್ಮ ಹಾಕಿದ ಬ್ರಿಸ್ಟಲ್ ಗ್ಲೇಜ್. ಅದು 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು, ಆದ್ದರಿಂದ ಈ ಚೂರು ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ.

ಕಡಲತಡಿ
ನಮ್ಮಲ್ಲಿ ಅದಕ್ಕೆ ಭರಣಿ ಹೇಳುದು. ಈಗಲೂ ಅಪ್ಪೆಮಿಡಿ ಅದರಲ್ಲೇ ಹಾಕುದು, ಪ್ಲಾಸ್ಟಿಕ್ಕಿನಲ್ಲಿ ಆ ರುಚಿ ಇಲ್ಲ.

ಕೆಂಚಮ್ಮನಮಗಳು
ಮಿಡಿಗೆ ಎಷ್ಟು ಉಪ್ಪು ಹಾಕ್ತೀರಿ ನೀವು?

ಮೌನಿ
ಅದಕ್ಕೆ ಬೇರೆ ಎಳೆ ಇದೆ.

ಹೊಲದಂಚು
ನೀರಿನ ಹನಿ ಮೂರಕ್ಕೂ ಬಿಟ್ಟೆ. ಒಂದೂ ಎರಡೂ ತಕ್ಷಣ ಹೀರಿದವು, ಮೂರನೆಯದರಲ್ಲಿ ನಿಂತಿದೆ. ಒಂದೇ ಗುಡ್ಡೆಯಲ್ಲಿ ಕಬ್ಬಿಣಯುಗದ್ದೂ ಉಪ್ಪಿನಕಾಯಿ ಜಾಡಿಯೂ ಹೇಗೆ ಸೇರಿದವು? ಮತ್ತೆ ಒಂದನೆಯದಕ್ಕೆ ಒಂದು ಕಾಲ ಹೇಳಬಹುದಾ?

ಬೂದಿಗುಡ್ಡ
ಜೆಸಿಬಿ ಮೇಲಿನ ಮಣ್ಣನ್ನೂ ಆಳದ ಮಣ್ಣನ್ನೂ ಒಟ್ಟಿಗೆ ಸುರಿಯುತ್ತದೆ. ಗುಡ್ಡೆಯಲ್ಲಿ ಪಕ್ಕಪಕ್ಕ ಸಿಕ್ಕಿದ್ದಕ್ಕೆ ಅರ್ಥವೇ ಇಲ್ಲ.

ಕಾಲದ ಬಗ್ಗೆ ಹೇಳುವುದಾದರೆ, ವೀಲರ್ ಬ್ರಹ್ಮಗಿರಿಯ ಬೃಹತ್ ಶಿಲಾ ಹಂತವನ್ನು ಕ್ರಿ.ಪೂ. 200ರ ಸುಮಾರಿಗೆ ಶುರು ಮಾಡಿದ್ದ. ಹಾವೇರಿ ಜಿಲ್ಲೆಯ ಹಳ್ಳೂರಿನ ಇಂಗಾಲದ ಕಾಲಮಾಪನ ಬಂದ ಮೇಲೆ ಇಲ್ಲಿ ಕಬ್ಬಿಣದ ಆರಂಭ ಕ್ರಿ.ಪೂ. 1000ದ ಆಸುಪಾಸಿಗೆ ಹಿಂದೆ ಸರಿಯಿತು. ಕಪ್ಪು-ಕೆಂಪು ಮಡಕೆ ಅಲ್ಲಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೂ ನಡೆದುಬಂದಿದೆ. ಆದ್ದರಿಂದ ಬಣ್ಣ ನೋಡಿ ಕಾಲ ಹೇಳುವವರನ್ನು ನಂಬಬೇಡಿ. ಸುಡುವ ವಿಧಾನ ಸಾವಿರ ವರ್ಷ ಹಾಗೇ ಉಳಿಯಬಹುದು, ಬಟ್ಟಲಿನ ಆಕಾರ ಅದಕ್ಕಿಂತ ಬೇಗ ಬದಲಾಗುತ್ತದೆ. ಅಂಚನ್ನು ಸಮತಟ್ಟು ಮೇಜಿನ ಮೇಲೆ ಬೋರಲಿಟ್ಟು, ಬೆಳಕು ಸಂದಿಯಲ್ಲಿ ನುಸುಳದ ಹಾಗೆ ಹೊಂದಿಸಿ, ಪಕ್ಕದಿಂದ ಫೋಟೊ ತೆಗೆಯಿರಿ. ಬಟ್ಟಲಿನ ಗೋಡೆ ಎಷ್ಟು ಓರೆಯಾಗಿತ್ತು ಎನ್ನುವುದು ಆಗ ಮಾತ್ರ ಸರಿಯಾಗಿ ಸಿಗುತ್ತದೆ.

ಶಾಸನಪ್ರಿಯ
ಸಮಾಧಿಯದ್ದೋ ವಾಸದ ನೆಲೆಯದ್ದೋ ಅಂತ ಓಡಿನಿಂದ ಹೇಳಬಹುದಾ? ನನ್ನ ಪ್ರಕಾರ ಇಷ್ಟು ಹೊಳಪಿರುವುದು ಸಮಾಧಿಯದ್ದೇ.

ಬೂದಿಗುಡ್ಡ
ಹೊಳಪಿನಿಂದ ಆಗದು, ಎರಡೂ ಕಡೆ ಸಿಗುತ್ತದೆ. ಹೊಂಡದ ಗೋಡೆಯಿಂದ ಹೇಳಬಹುದು. @ಹೊಲದಂಚು, ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವ ಮೊದಲು ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ, ಅಳತೆ ಪಟ್ಟಿ ನೆಟ್ಟಗೆ ನಿಲ್ಲಿಸಿ. ಬೂದಿ ಪದರ, ಮೂಳೆ, ಮಟ್ಟಸ ತಟ್ಟಿದ ನೆಲ ಕಂಡರೆ ವಾಸದ ಜಾಗ. ಕಲ್ಲು ಚಪ್ಪಡಿ ನಿಲ್ಲಿಸಿದ್ದು ಕಂಡರೆ ಕೆಲಸ ನಿಲ್ಲಿಸಿ ಪುರಾತತ್ವ ಇಲಾಖೆಗೆ ತಿಳಿಸಿ. ಗೋಡೆಯಿಂದ ಓಡು ಕೀಳಬೇಡಿ, ಅದು ಇರುವ ಆಳವೇ ಮುಖ್ಯ.

ಹೊಲದಂಚು
ಹಾಳೆ ಇನ್ನೂ ಹಾಸಿಲ್ಲ. ಉತ್ತರದ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬೂದು ಬಣ್ಣದ ಪಟ್ಟಿ ಒಂದು ಇದೆ. ಭಾನುವಾರ ಹೋಗಿ ತೆಗೆದು ಹಾಕುತ್ತೇನೆ.

ತಿಗರಿಮನೆ
ಆ ಪಟ್ಟ್ಯಾಗ ಸುಟ್ಟ ಮಣ್ಣಿನ ಹೆಂಟಿ, ಸೊಟ್ಟ ಆದ ಓಡು ಐತೇನ ನೋಡ್ರಿ. ಇದ್ರ ಅಲ್ಲೇ ಆವಿಗಿ ಇದ್ದಿರಬೇಕು.